ಬನ್ನಿನ ನೆತ್ತಿ ಕಂದಾಗುವುದು ಹೇಗೆ?

ಬನ್ ಮೇಲೆ ಆ ಕಂದು ಬಣ್ಣ ಎಲ್ಲಿಂದ ಬರುತ್ತದೆ ಎಂದು ಕೇಳಿ ನೋಡಿ. ‘ಸಕ್ಕರೆ ಕ್ಯಾರಮಲ್ ಆಗುತ್ತಲ್ಲ, ಅದೇ’ ಎಂಬ ಉತ್ತರ ತಕ್ಷಣ ಬರುತ್ತದೆ. ಅಡುಗೆ ವಿಡಿಯೋಗಳಲ್ಲೂ ಇದೇ ಮಾತು. ಇದನ್ನು ಪೂರ್ತಿ ಸುಳ್ಳು ಎನ್ನಲಾಗದು. ಆದರೆ ಅರ್ಧ ಸತ್ಯ ಎನ್ನುವುದಕ್ಕೂ ಮನಸ್ಸು ಬರುವುದಿಲ್ಲ, ಕಾಲು ಸತ್ಯ ಎನ್ನಬಹುದು. ಬನ್ನಿನ ಬಣ್ಣದಲ್ಲಿ ಹೆಚ್ಚಿನ ಪಾಲು ಬೇರೆಯದೇ ಒಂದು ಕ್ರಿಯೆಯದು. ಅದರಲ್ಲಿ ಸಕ್ಕರೆಯ ಜೊತೆ ಪ್ರೋಟೀನ್ ಕೂಡ ಸೇರಿಕೊಂಡಿರುತ್ತದೆ. ಈ ವ್ಯತ್ಯಾಸ ಗೊತ್ತಾದರೆ ಬನ್ ಯಾಕೆ ಬಿಳಿಚಿಕೊಂಡಿತು, ಯಾಕೆ ಮೇಲೆ ಸೀದು ಒಳಗೆ ಹಸಿಯಾಗಿ ಉಳಿಯಿತು ಎನ್ನುವುದೆಲ್ಲ ತಾನಾಗಿ ಅರ್ಥವಾಗುತ್ತದೆ.

ಮೊದಲು ಬರೀ ಸಕ್ಕರೆಯನ್ನೇ ನೋಡೋಣ. ದಪ್ಪ ತಳದ ಪಾತ್ರೆಗೆ 100 ಗ್ರಾಂ ಸಕ್ಕರೆ ಹಾಕಿ, ನೀರು ಬೇಡ, ಸಣ್ಣ ಉರಿಯಲ್ಲಿ ಇಡಿ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಅಂಚಿನಲ್ಲಿ ಸಕ್ಕರೆ ಒದ್ದೆಯಾದಂತೆ ಕಾಣುತ್ತದೆ, ಕರಗುತ್ತದೆ, ಕರಗಿದಲ್ಲೇ ತಿಳಿ ಹಳದಿಯಾಗುತ್ತದೆ. ಸುಮಾರು 170 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಹೊಂಬಣ್ಣ, 180 ದಾಟಿದಾಗ ಜೇನಿನ ಬಣ್ಣ, 190ರ ಸುಮಾರಿಗೆ ಕಡು ಕಂದು. 200 ದಾಟಿತೋ, ಹೊಗೆ ಎದ್ದು ಕಹಿಯಾಗುತ್ತದೆ. ಹೊಂಬಣ್ಣದಿಂದ ಕರಕಲಿಗೆ ಹೋಗಲು ಒಂದೆರಡು ನಿಮಿಷ ಸಾಕು. ಹಾಗಾಗಿ ಬೇಕಾದ ಬಣ್ಣ ಬರುವುದಕ್ಕೆ ಸ್ವಲ್ಪ ಮುಂಚೆಯೇ ಒಲೆ ಆರಿಸಬೇಕು. ಪಾತ್ರೆಯ ಬಿಸಿಯೇ ಉಳಿದ ಕೆಲಸ ಮಾಡುತ್ತದೆ.

ಇಲ್ಲಿ ಸಕ್ಕರೆ ಬಿಟ್ಟರೆ ಬೇರೆ ಯಾರೂ ಇಲ್ಲ. ಬಿಸಿಗೆ ಸಕ್ಕರೆಯ ಅಣು ಮುರಿದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅವು ನೀರನ್ನು ಬಿಟ್ಟುಕೊಡುತ್ತವೆ, ಮತ್ತೆ ಮುರಿಯುತ್ತವೆ. ಹೀಗೆ ಮುರಿದ ಚಿಕ್ಕ ಚೂರುಗಳು ಗಾಳಿಗೆ ಹಾರುತ್ತವೆ, ಅದೇ ನಮಗೆ ಘಮ. ಬೆಣ್ಣೆಯ ವಾಸನೆ ಕೊಡುವ ಡೈಅಸಿಟೈಲ್, ಹುರಿದ ಸಿಹಿಯ ವಾಸನೆ ಕೊಡುವ ಮಾಲ್ಟೋಲ್ ಎಲ್ಲ ಇದರಲ್ಲಿ ಸೇರಿವೆ. ಹಾರದೆ ಉಳಿದ ಚೂರುಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗುತ್ತವೆ, ಅದೇ ಬಣ್ಣ. ಸಕ್ಕರೆ ಖರ್ಚಾಗುತ್ತಾ ಹೋಗುವುದರಿಂದ ಬಣ್ಣ ಏರಿದಷ್ಟೂ ಸಿಹಿ ಇಳಿಯುತ್ತದೆ, ಕಹಿ ಏರುತ್ತದೆ. ಕ್ಯಾರಮಲೀಕರಣ ಎಂದರೆ ಇಷ್ಟೇ, ಸಕ್ಕರೆ ತಾನೇ ಒಡೆದು ತಾನೇ ಕೂಡುವುದು.

ಒಂದು ಮಾತು. ‘ಸಕ್ಕರೆ 160 ಡಿಗ್ರಿಗೆ ಕ್ಯಾರಮಲ್ ಆಗುತ್ತದೆ’ ಎಂದು ಪುಸ್ತಕಗಳಲ್ಲಿ ಇರುತ್ತದೆ. ಅದು ನೀರು 100ಕ್ಕೆ ಕುದಿಯುತ್ತದೆ ಎನ್ನುವಂಥ ಗಟ್ಟಿ ಗೆರೆ ಅಲ್ಲ. ಬಣ್ಣ ಕಣ್ಣಿಗೆ ಕಾಣುವಷ್ಟು ಬೇಗ ಬರಬೇಕಾದರೆ ಅಷ್ಟು ಬಿಸಿ ಬೇಕು ಎಂದಷ್ಟೇ ಅದರ ಅರ್ಥ. ಸಕ್ಕರೆಯನ್ನು ಟ್ರೇಯಲ್ಲಿ ಹರಡಿ 150 ಡಿಗ್ರಿ ಓವನ್ನಿನಲ್ಲಿ ಗಂಟೆಗಟ್ಟಲೆ ಇಟ್ಟು ಆಗಾಗ ಕೈಯಾಡಿಸುತ್ತಿದ್ದರೆ, ಹರಳು ಕರಗದೆಯೇ ತಿಳಿ ಕಂದಾಗುತ್ತದೆ. ಬಿಸಿ ಕಡಿಮೆಯಾದರೆ ಸಮಯ ಜಾಸ್ತಿ ಬೇಕು, ಅಷ್ಟೇ. ಸಕ್ಕರೆಯ ಜಾತಿಯ ಮೇಲೂ ಇದು ನಿಂತಿದೆ. ಜೇನಿನಲ್ಲಿ ಹೇರಳವಾಗಿರುವ ಫ್ರಕ್ಟೋಸ್ ಸುಮಾರು 110 ಡಿಗ್ರಿಗೇ ಕಂದಾಗಲು ಶುರುವಾಗುತ್ತದೆ.

ಈಗ ಬನ್ನಿಗೆ ಬರೋಣ. ಬನ್ನಿನ ಹಿಟ್ಟಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೀರೇ ಇರುತ್ತದೆ. ನೀರು ಇರುವ ತನಕ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ಓವನ್ 190 ತೋರಿಸುತ್ತಿದ್ದರೂ ಅಷ್ಟೇ, 250 ತೋರಿಸುತ್ತಿದ್ದರೂ ಅಷ್ಟೇ. ಬಂದ ಬಿಸಿಯೆಲ್ಲ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಮೇಲ್ಮೈ ಒಣಗಿದ ಮೇಲಷ್ಟೇ ಅಲ್ಲಿಯ ಬಿಸಿ ನೂರರ ಗೆರೆ ದಾಟುತ್ತದೆ. ಸಕ್ಕರೆ ತಾನಾಗಿ ಕ್ಯಾರಮಲ್ ಆಗುವಷ್ಟು ಬಿಸಿ ಅದಕ್ಕೆ ಸಿಗುವುದು ಬೇಕಿಂಗ್‌ನ ಕೊನೆ ಕೊನೆಗೆ, ಅದೂ ಅಂಚು, ತಳ, ನೆತ್ತಿಯ ತೆಳ್ಳನೆ ಪದರದಲ್ಲಿ. ಆದರೆ ಬನ್ ಅದಕ್ಕಿಂತ ಎಷ್ಟೋ ಮೊದಲೇ ಹೊಂಬಣ್ಣಕ್ಕೆ ತಿರುಗಿರುತ್ತದೆ. ಹಾಗಾದರೆ ಆ ಬಣ್ಣ ಯಾರದು?

ಇದಕ್ಕೆ ಉತ್ತರ ಸಿಕ್ಕಿದ್ದು ಅಡುಗೆಮನೆಯಲ್ಲಿ ಅಲ್ಲ. ಫ್ರಾನ್ಸಿನಲ್ಲಿ ಲೂಯಿ ಕಮೀ ಮೈಯಾರ್ ಎಂಬ ವೈದ್ಯ ಇದ್ದರು, ರಸಾಯನ ಶಾಸ್ತ್ರವನ್ನೂ ಬಲ್ಲವರು. ಜೀವಕೋಶದೊಳಗೆ ಅಮೈನೋ ಆಮ್ಲಗಳು ಸೇರಿ ಪ್ರೋಟೀನ್ ಆಗುವುದು ಹೇಗೆ ಎಂಬುದು ಅವರ ತಲೆಯಲ್ಲಿದ್ದ ಪ್ರಶ್ನೆ. ಆ ದಾರಿಯಲ್ಲಿ ಅವರು ಗ್ಲೈಸೀನ್ ಎಂಬ ಅಮೈನೋ ಆಮ್ಲವನ್ನು ಗ್ಲೂಕೋಸ್ ಜೊತೆ ನೀರಿನಲ್ಲಿ ಬಿಸಿ ಮಾಡಿದರು. ದ್ರಾವಣ ಹಳದಿಯಾಯಿತು, ಕಂದಾಯಿತು, ಕಾರ್ಬನ್ ಡೈಆಕ್ಸೈಡ್ ಗುಳ್ಳೆಗಳು ಬಂದವು. 1912ರಲ್ಲಿ ಅವರು ಇದನ್ನು ಪ್ರಕಟಿಸಿದರು. ಬ್ರೆಡ್ಡು, ಮಾಂಸದ ಹುರಿತ ಇವೆಲ್ಲ ಅವರ ಗುರಿಯಾಗಿರಲಿಲ್ಲ. ಆದರೂ ಇಂದು ಜಗತ್ತಿನ ಬೇಕರಿಯವರೆಲ್ಲ ಹೇಳುವ ‘ಮೈಯಾರ್ ಕ್ರಿಯೆ’ಗೆ ಅವರದೇ ಹೆಸರು. 1953ರಲ್ಲಿ ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಜಾನ್ ಹಾಜ್ ಎಂಬ ರಸಾಯನಶಾಸ್ತ್ರಜ್ಞ ಈ ಕ್ರಿಯೆಯ ಇಡೀ ದಾರಿಯ ನಕ್ಷೆ ಹಾಕಿಕೊಟ್ಟರು. ಈಗಲೂ ಪಾಠ ಮಾಡುವುದು ಹೆಚ್ಚುಕಡಿಮೆ ಅದೇ ನಕ್ಷೆಯನ್ನು.

ಆ ನಕ್ಷೆಯನ್ನು ಸರಳವಾಗಿ ಹೇಳುವುದಾದರೆ ಹೀಗೆ. ಸಕ್ಕರೆಯ ಅಣುವಿಗೆ ಕ್ರಿಯೆ ನಡೆಸಬಲ್ಲ ಒಂದು ತುದಿ ಇರುತ್ತದೆ. ಪ್ರೋಟೀನಿಗೆ, ಅಂದರೆ ಅದರೊಳಗಿನ ಅಮೈನೋ ಆಮ್ಲಗಳಿಗೆ, ಸಾರಜನಕ ಇರುವ ಒಂದು ತುದಿ ಇರುತ್ತದೆ. ಈ ಎರಡು ತುದಿಗಳು ಕೂಡಿಕೊಂಡು ಒಂದು ನೀರಿನ ಅಣುವನ್ನು ಹೊರಗೆ ಹಾಕುತ್ತವೆ. ಕೂಡಿದ ಅಣು ಒಳಗೊಳಗೇ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ. ಇಲ್ಲಿಯ ತನಕ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊರಗಿನಿಂದ ನೋಡುವವರಿಗೆ ಏನೂ ನಡೆದಿಲ್ಲ.

ಆಮೇಲೆ ಅದು ಒಡೆಯಲು ಶುರುವಾಗುತ್ತದೆ. ಒಡೆದ ಚೂರುಗಳು ತುಂಬಾ ಚುರುಕು, ಸುತ್ತಲಿನ ಬೇರೆ ಅಮೈನೋ ಆಮ್ಲಗಳ ಮೇಲೆ ಬೀಳುತ್ತವೆ. ಆಗ ಪ್ರತಿಯೊಂದು ಅಮೈನೋ ಆಮ್ಲವೂ ತನ್ನದೇ ಆದ ಒಂದು ವಾಸನೆಯನ್ನು ಬಿಟ್ಟುಕೊಡುತ್ತದೆ. ಲ್ಯೂಸೀನ್‌ನಿಂದ ಮಾಲ್ಟ್ ವಾಸನೆ, ಮೆಥಿಯೋನೀನ್‌ನಿಂದ ಬೇಯಿಸಿದ ಆಲೂಗಡ್ಡೆಯ ವಾಸನೆ, ಫೀನೈಲ್‌ಅಲನೀನ್‌ನಿಂದ ಜೇನಿನಂಥ ವಾಸನೆ. ಗೋಧಿ ಪ್ರೋಟೀನಿನಲ್ಲಿ ಪ್ರೋಲೀನ್ ಧಾರಾಳ. ಬಿಸಿ ಬ್ರೆಡ್ಡಿನ ಹೊರಪದರಕ್ಕೆ ಇರುವ ಆ ವಿಶಿಷ್ಟ ಘಮದ ದೊಡ್ಡ ಪಾಲು ಪ್ರೋಲೀನ್‌ನಿಂದ ಬರುವ ಒಂದು ವಸ್ತುವಿನದು. ಬಾಸ್ಮತಿ ಅಕ್ಕಿಯ ಪರಿಮಳಕ್ಕೂ ಅದೇ ವಸ್ತು ಕಾರಣ. ಆದರೆ ಬಾಸ್ಮತಿ ಅದನ್ನು ಗದ್ದೆಯಲ್ಲೇ ಮಾಡಿಕೊಂಡಿರುತ್ತದೆ, ಬ್ರೆಡ್ಡಿಗೆ ಓವನ್ ಬೇಕು. ಕಟ್ಟಕಡೆಗೆ ಈ ಚೂರುಗಳೆಲ್ಲ ಹೆಣೆದುಕೊಂಡು ಮೆಲನಾಯ್ಡಿನ್ ಎಂಬ ದೊಡ್ಡ ಕಂದು ಅಣುಗಳಾಗುತ್ತವೆ. ಬನ್ನಿನ ನೆತ್ತಿಯ ಬಣ್ಣ ಅದು. ಕ್ಯಾರಮಲ್‌ನಲ್ಲಿ ಸಾರಜನಕವೇ ಇಲ್ಲ, ಇಲ್ಲಿ ಅದು ಇದೆ. ಬ್ರೆಡ್ಡಿನ ಘಮಕ್ಕೂ ಕ್ಯಾರಮಲ್ ಘಮಕ್ಕೂ ಇರುವ ದೊಡ್ಡ ಅಂತರ ಇಲ್ಲಿಂದಲೇ ಬಂದದ್ದು.

ಈ ಕ್ರಿಯೆಯ ಮೊದಲ ಹಂತಕ್ಕೆ ಓವನ್ನಿನ ಬಿಸಿಯೂ ಬೇಕಿಲ್ಲ. ಶುಗರ್ ಇರುವವರಿಗೆ ಡಾಕ್ಟರು ಎಚ್‌ಬಿಎ1ಸಿ ಪರೀಕ್ಷೆ ಬರೆದುಕೊಡುತ್ತಾರಲ್ವಾ? ಅದರಲ್ಲಿ ಅಳೆಯುವುದು ರಕ್ತದ ಹಿಮೋಗ್ಲೋಬಿನ್ ಪ್ರೋಟೀನಿಗೆ ಗ್ಲೂಕೋಸ್ ಎಷ್ಟು ಅಂಟಿಕೊಂಡಿದೆ ಎಂಬುದನ್ನು. ಮೈಯಾರ್ ಕ್ರಿಯೆಯ ಆ ಬಣ್ಣವಿಲ್ಲದ ಮೊದಲ ಹಂತವೇ ಅದು, 37 ಡಿಗ್ರಿಯಲ್ಲಿ ನಿಧಾನವಾಗಿ ನಡೆದದ್ದು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಆ ಪರೀಕ್ಷೆಯಿಂದ ಕಳೆದ ಎರಡು ಮೂರು ತಿಂಗಳ ಲೆಕ್ಕ ಸಿಗುತ್ತದೆ.

ಈಗ ಒಂದು ತೊಡಕು. ನಾವು ಅಂಗಡಿಯಿಂದ ತರುವ ಸಕ್ಕರೆ, ಅಂದರೆ ಸುಕ್ರೋಸ್, ಮೈಯಾರ್ ಕ್ರಿಯೆಗೆ ನೇರವಾಗಿ ಇಳಿಯುವುದೇ ಇಲ್ಲ. ಅದರಲ್ಲಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಒಂದರ ಕೈಯನ್ನು ಒಂದು ಹಿಡಿದುಕೊಂಡು ನಿಂತಿವೆ, ಪ್ರೋಟೀನನ್ನು ಹಿಡಿಯಲು ಖಾಲಿ ಕೈ ಇಲ್ಲ. ಕೈ ಬಿಡಿಸಿದರೆ ಮಾತ್ರ ಕೆಲಸ ಶುರು. ಬನ್ನಿನ ಹಿಟ್ಟಿನಲ್ಲಿ ಇದನ್ನು ಮಾಡುವುದು ಯೀಸ್ಟ್. ಅದರಲ್ಲಿರುವ ಇನ್ವರ್ಟೇಸ್ ಎಂಬ ಕಿಣ್ವ, ನಾವು ಹಾಕಿದ ಸಕ್ಕರೆಯನ್ನು ನಾದುವಾಗಿನಿಂದಲೇ ಒಡೆಯುತ್ತಾ ಬರುತ್ತದೆ. ಇನ್ನೊಂದು ಕಡೆ ಹಿಟ್ಟಿನದೇ ಅಮೈಲೇಸ್ ಕಿಣ್ವ ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್ ಮಾಡುತ್ತದೆ. ಮಾಲ್ಟೋಸ್‌ಗೆ ಕ್ರಿಯೆ ನಡೆಸುವ ಒಂದು ತುದಿ ಖಾಲಿ ಇದೆ. ಸಕ್ಕರೆಯನ್ನೇ ಹಾಕದ ಬ್ರೆಡ್ಡು ಕೂಡ ಚೆನ್ನಾಗಿ ಕಂದಾಗುವುದು ಇದರಿಂದಲೇ. ಹಾಲಿನ ಲ್ಯಾಕ್ಟೋಸ್ ಕೂಡ ಹೀಗೆಯೇ, ಸಿದ್ಧವಾಗಿಯೇ ಬಂದಿರುತ್ತದೆ. ಯೀಸ್ಟಿಗೆ ಅದನ್ನು ತಿನ್ನಲು ಬರುವುದಿಲ್ಲವಾದ್ದರಿಂದ ಅಷ್ಟೂ ಲ್ಯಾಕ್ಟೋಸ್ ಓವನ್ನಿನ ತನಕ ಉಳಿದುಕೊಳ್ಳುತ್ತದೆ.

ಒಂದು ಲೆಕ್ಕ ಇಟ್ಟುಕೊಂಡು ನೋಡೋಣ. 250 ಗ್ರಾಂ ಮೈದಾ, 15 ಗ್ರಾಂ ಸಕ್ಕರೆ, 4 ಗ್ರಾಂ ಉಪ್ಪು, 3 ಗ್ರಾಂ ಇನ್‌ಸ್ಟಂಟ್ ಯೀಸ್ಟ್, 20 ಗ್ರಾಂ ಬೆಣ್ಣೆ, 155 ಮಿಲಿ ನೀರು. ನಾದಿ, ಉಬ್ಬಲು ಬಿಟ್ಟು, 55 ಗ್ರಾಂನ 8 ಉಂಡೆ ಮಾಡಿ, ಮತ್ತೆ ಉಬ್ಬಿದ ಮೇಲೆ 190 ಡಿಗ್ರಿಗೆ ಕಾದ ಓವನ್ನಿಗೆ ಇಡುತ್ತೇವೆ.

ಮೊದಲ ನಾಲ್ಕೈದು ನಿಮಿಷ ಬನ್ ಉಬ್ಬುತ್ತದೆ, ಬಣ್ಣ ಬದಲಾಗುವುದಿಲ್ಲ. ಗಾಜಿನಿಂದ ನೋಡಿದರೆ ಹೊರಮೈ ಇನ್ನೂ ಮೆತ್ತಗೆ, ಹೊಳಪಾಗಿ ಕಾಣುತ್ತದೆ. ನೀರು ಆವಿಯಾಗುತ್ತಿದೆ. ಆರೇಳು ನಿಮಿಷದ ಹೊತ್ತಿಗೆ ಹೊಳಪು ಹೋಗಿ ಮಾಸಿದ ಬಿಳಿ ಬಣ್ಣ ಬರುತ್ತದೆ. ಚರ್ಮದಂತೆ ಒಂದು ಪದರ ಕಟ್ಟಿ, ಉಬ್ಬುವುದು ನಿಲ್ಲುತ್ತದೆ. ಆ ಪದರದಲ್ಲಿ ನೀರು ಕಡಿಮೆಯಾಗಿದೆ, ಹಾಗಾಗಿ ಅಲ್ಲಿದ್ದ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಹತ್ತಿರ ಹತ್ತಿರ ಬಂದಿವೆ. ಬಿಸಿ ಈಗ 100 ದಾಟಿ ಮೇಲೇರುತ್ತಿದೆ. ಮೈಯಾರ್ ಕ್ರಿಯೆಗೆ ಇದೇ ಒಳ್ಳೆಯ ಹೊತ್ತು. ತೀರಾ ನೀರಾಗಿದ್ದರೆ ಎಲ್ಲ ತೆಳುವಾಗಿ ಹರಡಿಹೋಗಿರುತ್ತದೆ. ತೀರಾ ಒಣಗಿದರೆ ಅಣುಗಳು ಅಲುಗಾಡಲಾರವು. ಕ್ರಿಯೆ ಜೋರಾಗಿ ನಡೆಯುವುದು ಇವೆರಡರ ನಡುವೆ.

ಸುಮಾರು ಹತ್ತನೇ ನಿಮಿಷಕ್ಕೆ ನೆತ್ತಿಯಲ್ಲಿ ತಿಳಿ ಹಳದಿ ಕಾಣಿಸಿಕೊಳ್ಳುತ್ತದೆ. ಇಲ್ಲಿಂದ ಮುಂದೆ ವೇಗ ಬೇರೆ. ಹತ್ತು ನಿಮಿಷ ಏನೂ ಆಗದ ಬನ್ ಮುಂದಿನ ಐದೇ ನಿಮಿಷದಲ್ಲಿ ಹೊಂಬಣ್ಣ ದಾಟಿ ಕಂದಾಗಿಬಿಡುತ್ತದೆ. ಬಣ್ಣವಿಲ್ಲದ ಹಂತಗಳು ಆಗಲೇ ಮುಗಿದಿರುತ್ತವೆ, ಬಿಸಿಯೂ ಏರುತ್ತಿರುತ್ತದೆ, ಹಾಗಾಗಿ ಕೊನೆಯ ಹಂತ ಓಡುತ್ತದೆ. ಬೇಕರಿಯವರು ಕೊನೆಯ ನಿಮಿಷಗಳಲ್ಲಿ ಒಲೆಯ ಬಾಗಿಲು ಬಿಟ್ಟು ಅಲುಗಾಡದೆ ನಿಲ್ಲುವುದು ಸುಮ್ನೆ ಅಲ್ಲ. ಹದಿನೈದು ಹದಿನಾರು ನಿಮಿಷಕ್ಕೆ ಹೊರಪದರ ಸುಮಾರು 150 ಡಿಗ್ರಿ ಮುಟ್ಟಿರುತ್ತದೆ, ನಡುವಿನ ತಿರುಳು 95ರ ಆಸುಪಾಸಿನಲ್ಲೇ ಇರುತ್ತದೆ. ಒಂದೇ ಬನ್, ಒಂದೇ ಹಿಟ್ಟು, ಒಂದು ಬೆರಳಿನ ಅಂತರ. ಆದರೂ ಹೊರಗೆ ಕಂದು, ಒಳಗೆ ಹತ್ತಿಯಂಥ ಬಿಳಿ.

ನೆತ್ತಿಗೆ ಏನು ಹಚ್ಚುತ್ತೇವೆ ಎಂಬುದರಿಂದ ಬಣ್ಣ ಎಷ್ಟು ಬದಲಾಗುತ್ತದೆ ಎಂದು ನೋಡಬೇಕಿದ್ದರೆ, ಆ 8 ಬನ್‌ಗಳಲ್ಲಿ ಒಂದಕ್ಕೆ ನೀರು, ಒಂದಕ್ಕೆ ಹಾಲು, ಒಂದಕ್ಕೆ ಕಲಕಿದ ಮೊಟ್ಟೆ, ಒಂದಕ್ಕೆ ಸಕ್ಕರೆ ನೀರು ಹಚ್ಚಿ ಒಂದೇ ಟ್ರೇಯಲ್ಲಿ ಅಕ್ಕಪಕ್ಕ ಇಡಿ. ನೀರು ಹಚ್ಚಿದ್ದು ಎಲ್ಲಕ್ಕಿಂತ ತಡವಾಗಿ ಬಣ್ಣ ಬಿಡುತ್ತದೆ, ಮೊದಲು ಆ ನೀರು ಆರಬೇಕಲ್ಲ. ಹಾಲು ಹಚ್ಚಿದ್ದು ಮೆತ್ತಗಿನ ಕಂದು, ಏಕೆಂದರೆ ಹಾಲಿನಲ್ಲಿ ಲ್ಯಾಕ್ಟೋಸೂ ಇದೆ, ಪ್ರೋಟೀನೂ ಇದೆ. ಮೊಟ್ಟೆಯದು ಕಡು, ಹೊಳಪಿನ ಕಂದು. ಮೊಟ್ಟೆ ಎಂದರೆ ಪ್ರೋಟೀನಿನ ರಾಶಿ, ಹಿಟ್ಟಿನಿಂದ ಬರುವ ಸಕ್ಕರೆ ಅದಕ್ಕೆ ಜೊತೆಯಾಗುತ್ತದೆ. ಬರೀ ಸಕ್ಕರೆ ನೀರು ಹಚ್ಚಿದ್ದು ಜನ ಎಣಿಸಿದಷ್ಟು ಕಂದಾಗುವುದಿಲ್ಲ. ಹೊಳೆಯುತ್ತದೆ, ಕೈಗೆ ಅಂಟುತ್ತದೆ, ಅಷ್ಟೇ. ಹಚ್ಚಿದ ಸಕ್ಕರೆಯ ಕೈ ಬಿಡಿಸುವಷ್ಟು ಹೊತ್ತು ಯೀಸ್ಟಿಗೆ ಸಿಕ್ಕಿರುವುದಿಲ್ಲ. ‘ಎಲ್ಲ ಕ್ಯಾರಮಲ್ಲೇ’ ಎನ್ನುವವರಿಗೆ ಈ ನಾಲ್ಕು ಬನ್ನು ತೋರಿಸಿದರೆ ಸಾಕು.

ಬಣ್ಣವೇ ಬಾರದ ಬನ್ನಿನ ಕಥೆಗೂ ಇದರಲ್ಲೇ ಉತ್ತರ ಇದೆ. ಸಾಮಾನ್ಯವಾಗಿ ಜನ ಓವನ್ನನ್ನು ಬೈಯುತ್ತಾರೆ. ಎಷ್ಟೋ ಸಲ ತಪ್ಪು ಉಬ್ಬುವ ಹಂತದಲ್ಲೇ ಆಗಿರುತ್ತದೆ. ಬೇಸಿಗೆಯ ಸೆಕೆಯಲ್ಲಿ ಹಿಟ್ಟನ್ನು ಹೊರಗೆ ಜಾಸ್ತಿ ಹೊತ್ತು ಬಿಟ್ಟರೆ ಯೀಸ್ಟ್ ಇದ್ದಬದ್ದ ಸಕ್ಕರೆಯನ್ನೆಲ್ಲ ತಿಂದು ಮುಗಿಸುತ್ತದೆ. ಹುಳಿಯೂ ಏರುತ್ತದೆ, ಆ ಹುಳಿ ಮೈಯಾರ್ ಕ್ರಿಯೆಯನ್ನು ಇನ್ನಷ್ಟು ನಿಧಾನ ಮಾಡುತ್ತದೆ. ಇಂಥ ಹಿಟ್ಟನ್ನು ಗುರುತಿಸುವುದು ಕಷ್ಟವಲ್ಲ. ಮೂಗಿಗೆ ಹುಳಿ ಹೆಂಡದ ವಾಸನೆ ಬರುತ್ತದೆ, ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ನಿಂತು ಸುತ್ತಲೂ ಕುಸಿಯುತ್ತದೆ. ಬೇಯಿಸಿದರೆ ಬನ್ ಚಪ್ಪಟೆ, ಮೈ ಬೂದು ಬಿಳಿ. ಅದಕ್ಕೆ ಬಣ್ಣ ಬರಲಿ ಎಂದು ಇನ್ನೂ ಹತ್ತು ನಿಮಿಷ ಓವನ್ನಿನಲ್ಲಿ ಇಟ್ಟರೆ ಬನ್ ಒಣಗಿ ರಸ್ಕ್ ಆಗುತ್ತದೆಯೇ ಹೊರತು ಬಣ್ಣ ಬರುವುದಿಲ್ಲ. ಆಗಲೇ ಗೊತ್ತಾದರೆ ನೆತ್ತಿಗೆ ಹಾಲು ಹಚ್ಚಿ ಸ್ವಲ್ಪ ಮಟ್ಟಿಗೆ ಮುಚ್ಚಿಡಬಹುದು, ಅಷ್ಟೇ.

ಇದರ ಉಲ್ಟಾ ಸಮಸ್ಯೆಯೂ ಇದೆ. ಸಕ್ಕರೆಯ ಬದಲು ಜೇನು ಹಾಕಿದರೆ ಅದರಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಬಿಡಿಬಿಡಿಯಾಗಿಯೇ ಇರುತ್ತವೆ. ಬೆಲ್ಲದಲ್ಲೂ ಒಂದಿಷ್ಟು ಹಾಗೇ ಇರುತ್ತದೆ. ಹಾಲಿನ ಪುಡಿ ಜಾಸ್ತಿ ಹಾಕಿದರೂ ಅದೇ ಕಥೆ. ಒಳಗೆ ಬೇಯುವ ಮೊದಲೇ ಮೇಲೆ ಕಪ್ಪಾಗುತ್ತದೆ. ಅಂಥ ಕಡೆ ಓವನ್ನನ್ನು ಸುಮಾರು 15 ಡಿಗ್ರಿ ಇಳಿಸಿ, ಸ್ವಲ್ಪ ಜಾಸ್ತಿ ಹೊತ್ತು ಇಡುವುದು ರೂಢಿ. ಬಣ್ಣ ಬಂದ ಮೇಲೆ ಫಾಯಿಲ್ ಮುಚ್ಚಿದರೂ ಆಗುತ್ತದೆ. ಬೆಂದಿದೆಯೋ ಇಲ್ಲವೋ ಎನ್ನಲು ಆಗ ಬಣ್ಣವನ್ನು ನಂಬಬಾರದು. ನಡುವಿಗೆ ಥರ್ಮಾಮೀಟರ್ ಚುಚ್ಚಿ 93ರಿಂದ 95 ಡಿಗ್ರಿ ಇದೆಯೇ ನೋಡಬೇಕು.

ಹುಳಿ ನಿಧಾನ ಮಾಡುತ್ತದೆ ಎಂದೆನಲ್ಲ, ಕ್ಷಾರ ಅದನ್ನು ಓಡಿಸುತ್ತದೆ. ಅಮೈನೋ ಆಮ್ಲದ ಸಾರಜನಕದ ತುದಿ ಹುಳಿಯಲ್ಲಿ ಒಂದು ಹೈಡ್ರೋಜನ್ನನ್ನು ಹೊತ್ತುಕೊಂಡು ಸುಮ್ಮನಿರುತ್ತದೆ. ಕ್ಷಾರ ಬಂದರೆ ಆ ಹೈಡ್ರೋಜನ್ ಕಳಚಿ, ಸಕ್ಕರೆಯನ್ನು ಹಿಡಿಯಲು ತುದಿ ಖಾಲಿಯಾಗುತ್ತದೆ. ಜರ್ಮನಿಯ ಬವೇರಿಯಾದಲ್ಲಿ ಪ್ರೆಟ್ಜೆಲ್ ಎಂಬ ಗಂಟು ಹಾಕಿದ ಬ್ರೆಡ್ಡು ಮಾಡುತ್ತಾರೆ. ಓವನ್ನಿಗೆ ಇಡುವ ಮೊದಲು ಅದನ್ನು ಸುಮಾರು 3ರಿಂದ 4 ಶೇಕಡಾ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ. ಹೌದು, ಸೋಪು ಮಾಡುವ ಅದೇ ಕಾಸ್ಟಿಕ್ ಸೋಡಾ, ಆದರೆ ಆಹಾರಕ್ಕೆಂದೇ ತಯಾರಿಸಿದ್ದು. ಗ್ಲೌಸ್, ಕನ್ನಡಕ ಇಲ್ಲದೆ ಅದನ್ನು ಮುಟ್ಟುವ ಹಾಗಿಲ್ಲ. ಓವನ್ನಿನಲ್ಲಿ ಆ ಕ್ಷಾರ ಗಾಳಿಯ ಮತ್ತು ಹಿಟ್ಟಿನ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ನಿರಪಾಯಕಾರಿ ಕಾರ್ಬನೇಟ್ ಆಗುತ್ತದೆ. ಉಳಿಯುವುದು ಆ ಕಡುಗಂದು ಹೊಳಪು ಮತ್ತು ಬೇರೆ ಯಾವ ಬ್ರೆಡ್ಡಿಗೂ ಇಲ್ಲದ ರುಚಿ. ಮನೆಯಲ್ಲಿ ಅಡುಗೆ ಸೋಡಾ ಹಾಕಿ ಕುದಿಸಿದ ನೀರಿನಲ್ಲಿ ಅದ್ದಿದರೂ ಸುಮಾರಾಗಿ ಬರುತ್ತದೆ, ಬಣ್ಣ ಮಾತ್ರ ಅಷ್ಟು ಗಾಢವಿರುವುದಿಲ್ಲ.

ನಮ್ಮ ಕೇಕುಗಳಲ್ಲಿ ಸೋಡಾ ಜಾಸ್ತಿಯಾದರೆ ಆಗುವುದೂ ಇದೇ. ಮೊಸರು ಹಾಕಿದ ಕೇಕಿಗೆ ಅಳತೆ ಮೀರಿ ಸೋಡಾ ಬಿದ್ದರೆ ಹುಳಿಯೆಲ್ಲ ಮುಗಿದು ಕ್ಷಾರ ಉಳಿಯುತ್ತದೆ. ಹೊರಗೆ ಬೇಗ ಕೆಂಪಗೆ ಕಂದಾಗುತ್ತದೆ, ಒಳಗೂ ಹಳದಿ ಛಾಯೆ, ನಾಲಿಗೆಗೆ ಸೋಪಿನ ರುಚಿ. ಕೇಕ್ ಕಂದಾಗಿದೆ ಎಂದು ಖುಷಿಪಟ್ಟವರಿಗೆ ಬಾಯಿಗೆ ಇಟ್ಟಾಗ ಗೊತ್ತಾಗುತ್ತದೆ.

ಹಾಗಾದರೆ ಬನ್ನಿನ ಒಳಗೆ ಎಂದೂ ಕಂದಾಗುವುದೇ ಇಲ್ಲವೇ? ಸಮಯ ಕೊಟ್ಟರೆ ಆಗುತ್ತದೆ. ಜರ್ಮನಿಯದೇ ಪುಂಪರ್‌ನಿಕಲ್ ಎಂಬ ರೈ ಬ್ರೆಡ್ಡನ್ನು ಮುಚ್ಚಿದ ಅಚ್ಚಿನಲ್ಲಿ, ಆವಿಯಲ್ಲಿ, ಕಡಿಮೆ ಬಿಸಿಯಲ್ಲಿ ಕನಿಷ್ಠ 16 ಗಂಟೆ ಬೇಯಿಸುತ್ತಾರೆ. ಅದು ಒಳಗೂ ಹೊರಗೂ ಒಂದೇ ಸಮನಾಗಿ ಕಡುಗಂದು. ಕ್ಯಾರಮಲ್ ಆಗುವಷ್ಟು ಬಿಸಿ ಆ ತಿರುಳನ್ನು ಮುಟ್ಟಿಯೇ ಇರುವುದಿಲ್ಲ. ನಮ್ಮ ಧಾರವಾಡ ಪೇಡೆಯ ಬಣ್ಣವೂ ಇದೇ ದಾರಿಯದು. ಖೋವಾವನ್ನು ಹದವಾದ ಉರಿಯಲ್ಲಿ ಬಿಡದೆ ಕೈಯಾಡಿಸುತ್ತಾ ಹುರಿದರೆ ಹಾಲಿನ ಲ್ಯಾಕ್ಟೋಸ್ ಮತ್ತು ಹಾಲಿನ ಪ್ರೋಟೀನ್ ಕೂಡಿ ಆ ಕಂದು ಬರುತ್ತದೆ. ಬೆಳಗಾವಿಯ ಕುಂದಾ ಕೂಡ ಅದರದೇ ಬಳಗ. ಇನ್ನೂ ನಿಧಾನದ್ದು ಬೇಕಿದ್ದರೆ, ಡಬ್ಬಿಯಲ್ಲಿ ತಿಂಗಳುಗಟ್ಟಲೆ ಉಳಿದ ಹಾಲಿನ ಪುಡಿ ಹಳದಿಗೆ ತಿರುಗುವುದನ್ನು ನೋಡಿ. ಒಣ ಮೊಟ್ಟೆಯ ಪುಡಿ ಮಾಡುವ ಕಾರ್ಖಾನೆಗಳು ಇದಕ್ಕೆ ಹೆದರಿಯೇ, ಮೊಟ್ಟೆಯ ಬಿಳಿಯಲ್ಲಿರುವ ಚೂರುಪಾರು ಗ್ಲೂಕೋಸನ್ನು ಯೀಸ್ಟಿನಿಂದಲೋ ಕಿಣ್ವದಿಂದಲೋ ಮೊದಲೇ ತೆಗೆದುಬಿಡುತ್ತವೆ. ಇಲ್ಲದಿದ್ದರೆ ಪುಡಿ ಚೀಲದಲ್ಲೇ ಕಂದಾಗುತ್ತದೆ.

ಆದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಬೇಯುವ ಕೇಕಿಗೆ ಅಷ್ಟು ಪುರುಸೊತ್ತು ಇಲ್ಲ. ಅದರ ಒಳಗು ಕಂದಾಗಬೇಕೆಂದರೆ ಬಣ್ಣವನ್ನು ಹೊರಗಿನಿಂದ ತರಬೇಕು. ಕ್ರಿಸ್‌ಮಸ್ ಹೊತ್ತಿಗೆ ಮಾಡುವ ಪ್ಲಮ್ ಕೇಕಿನಲ್ಲಿ ನಡೆಯುವುದು ಇದು. ಸಕ್ಕರೆಯನ್ನು ಬೇರೆಯಾಗಿ ಬಾಣಲೆಯಲ್ಲಿ ಕಡುಗಂದು ಆಗುವ ತನಕ ಸುಟ್ಟು, ಕುದಿಯುವ ನೀರು ಸುರಿದು ಪಾಕ ಮಾಡಿ, ತಣಿದ ಮೇಲೆ ಹಿಟ್ಟಿಗೆ ಸೇರಿಸುತ್ತಾರೆ. ನೀರು ಸುರಿಯುವಾಗ ದೂರ ನಿಲ್ಲಬೇಕು. 190 ಡಿಗ್ರಿಯ ಸಕ್ಕರೆಗೆ ನೀರು ಬಿದ್ದರೆ ಅದು ಸಿಡಿಯುತ್ತದೆ, ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಇಲ್ಲಿ ಮಾತ್ರ ನಿಜವಾದ ಕ್ಯಾರಮಲ್ ಕೆಲಸ ಮಾಡುತ್ತಿದೆ, ಅದೂ ಓವನ್ನಿನ ಆಚೆ. ಅಂಗಡಿಯ ಕೆಲವು ಬ್ರೌನ್ ಬ್ರೆಡ್ಡುಗಳ ಬಣ್ಣವೂ ಹೀಗೇ ಹೊರಗಿನಿಂದ ಬಂದದ್ದು. ಪ್ಯಾಕೆಟ್ಟಿನ ಹಿಂದೆ 150 ಎಂಬ ಅಂಕಿ, ಅದರ ಪಕ್ಕ ಎ, ಬಿ, ಸಿ, ಡಿಗಳಲ್ಲಿ ಒಂದಕ್ಷರ ಇದ್ದರೆ ಅದು ಕ್ಯಾರಮಲ್ ಬಣ್ಣ. ಬ್ರೆಡ್ ಕಂದಾಗಿದೆ ಎಂದ ಮಾತ್ರಕ್ಕೆ ಅದರಲ್ಲಿ ಗೋಧಿಯ ತೌಡು ಇದೆ ಎಂದುಕೊಳ್ಳಬೇಕಿಲ್ಲ.

ಇನ್ನು ಸೀದ ಭಾಗದ ವಿಷಯ. 1997ರಲ್ಲಿ ಸ್ವೀಡನ್ನಿನ ಹಲ್ಲಾಂಡ್ಸೋಸ್ ಎಂಬಲ್ಲಿ ರೈಲು ಸುರಂಗ ಕೊರೆಯುವಾಗ ಸೋರುವ ನೀರನ್ನು ತಡೆಯಲು ಒಂದು ರಾಸಾಯನಿಕ ಬಳಸಿದರು. ಅದರಲ್ಲಿದ್ದ ಅಕ್ರಿಲಮೈಡ್ ನೀರಿಗೆ ಸೇರಿ ಮೀನು ಸತ್ತವು, ದನಗಳಿಗೆ ಲಕ್ವ ಹೊಡೆದಂತಾಯಿತು. ಕೆಲಸಗಾರರ ರಕ್ತ ಪರೀಕ್ಷಿಸಿದರು. ಹೋಲಿಸಿ ನೋಡಲು ಸುರಂಗದ ಹತ್ತಿರವೂ ಸುಳಿಯದ ಜನರ ರಕ್ತವನ್ನೂ ತೆಗೆದುಕೊಂಡರು. ವಿಚಿತ್ರವೆಂದರೆ ಅವರಲ್ಲೂ ಅಕ್ರಿಲಮೈಡಿನ ಗುರುತು ಸಿಕ್ಕಿತು. ಅದು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಸಂಶೋಧಕರು ಕೊನೆಗೆ ಊಟದ ತಟ್ಟೆಗೆ ಬಂದು ನಿಂತರು. 2002ರಲ್ಲಿ ಸ್ವೀಡನ್ನಿನ ಆಹಾರ ಇಲಾಖೆಯೂ ಅವರೂ ಸೇರಿ ಇದನ್ನು ಪ್ರಕಟಿಸಿದರು. ಪಿಷ್ಟ ಜಾಸ್ತಿ ಇರುವ ತಿನಿಸನ್ನು ಕರಿದಾಗ, ಬೇಕ್ ಮಾಡಿದಾಗ ಅಕ್ರಿಲಮೈಡ್ ಹುಟ್ಟುತ್ತದೆ.

ಹುಟ್ಟುವ ದಾರಿ ನಮಗೆ ಈಗ ಪರಿಚಯದ್ದೇ. ಆಸ್ಪರಜೀನ್ ಎಂಬ ಅಮೈನೋ ಆಮ್ಲ, ಗ್ಲೂಕೋಸಿನಂಥ ಸಕ್ಕರೆ ಮತ್ತು ಸುಮಾರು 120 ಡಿಗ್ರಿಗಿಂತ ಮೇಲಿನ ಬಿಸಿ. ಅಂದರೆ ಘಮ ಕೊಡುವ ಮೈಯಾರ್ ಕ್ರಿಯೆಯದೇ ಒಂದು ಕವಲು. ಪ್ರಾಣಿಗಳಲ್ಲಿ ಇದು ಕ್ಯಾನ್ಸರ್ ತರುತ್ತದೆ ಎಂಬುದು ಗೊತ್ತಿದೆ. ಮನುಷ್ಯರಲ್ಲಿ ತಿನ್ನುವ ಪ್ರಮಾಣದಿಂದ ಹಾಗಾಗುತ್ತದೆ ಎಂಬುದಕ್ಕೆ ಸ್ಪಷ್ಟ ಪುರಾವೆ ಸಿಕ್ಕಿಲ್ಲ. ಹಾಗಾಗಿ ನನ್ನ ಲೆಕ್ಕದಲ್ಲಿ ಇದು ಬನ್ ಬಿಡುವ ಕಾರಣವಲ್ಲ, ಸೀದದ್ದನ್ನು ಕೆರೆದು ಹಾಕುವ ಕಾರಣ ಹೌದು. ಬಣ್ಣ ಇಲ್ಲಿ ಒಳ್ಳೆಯ ಸೂಚನೆ. ಒಂದೇ ಹಿಟ್ಟಿನ ಬನ್‌ಗಳಲ್ಲಿ ಹೊಂಬಣ್ಣದ್ದಕ್ಕಿಂತ ಕಡುಗಂದಿನದರಲ್ಲಿ ಅಕ್ರಿಲಮೈಡ್ ಜಾಸ್ತಿ.

ಬನ್ನಿಗಿಂತ ಬಿಸ್ಕತ್ತಿನಲ್ಲಿ ಈ ಬಗ್ಗೆ ಹೆಚ್ಚು ನಿಗಾ ಬೇಕು. ಬಿಸ್ಕತ್ತು ತೆಳ್ಳಗಿರುವುದರಿಂದ ಪೂರ್ತಿ ಒಣಗಿ ಒಳಗಿನ ತನಕ 100 ದಾಟುತ್ತದೆ. ಅದರ ಮೇಲೆ ಬಿಸ್ಕತ್ತು ಗರಿಯಾಗಲೆಂದು ಬೇಕರಿಗಳಲ್ಲಿ ಹಾಕುವ ಅಮೋನಿಯಾ, ಅಂದರೆ ಅಮೋನಿಯಂ ಬೈಕಾರ್ಬೊನೇಟ್, ಅಕ್ರಿಲಮೈಡನ್ನು ಇನ್ನಷ್ಟು ಹೆಚ್ಚಿಸುತ್ತದೆ. ಅದರ ಬದಲು ಅಡುಗೆ ಸೋಡಾ ಬಳಸಿದರೆ ಪ್ರಮಾಣ ಸಾಕಷ್ಟು ಇಳಿಯುತ್ತದೆ, ಗರಿಗರಿತನದಲ್ಲಿ ಮಾತ್ರ ಸ್ವಲ್ಪ ಬಿಟ್ಟುಕೊಡಬೇಕು. ದೊಡ್ಡ ಕಾರ್ಖಾನೆಗಳು ಆಸ್ಪರಜಿನೇಸ್ ಎಂಬ ಕಿಣ್ವವನ್ನು ಹಿಟ್ಟಿಗೆ ಸೇರಿಸಿ, ಓವನ್ನಿಗೆ ಹೋಗುವ ಮೊದಲೇ ಆಸ್ಪರಜೀನನ್ನು ಬೇರೆ ಅಮೈನೋ ಆಮ್ಲವಾಗಿ ಬದಲಿಸಿಬಿಡುತ್ತವೆ. ಉಳಿದ ಅಮೈನೋ ಆಮ್ಲಗಳು ಹಾಗೇ ಇರುವುದರಿಂದ ಬಣ್ಣ, ಘಮ ಹೆಚ್ಚುಕಡಿಮೆ ಮೊದಲಿನಂತೆಯೇ ಬರುತ್ತವೆ. ಮನೆಯಲ್ಲಿ ಮಾಡುವವರು ಬಿಸ್ಕತ್ತನ್ನು ಮಗುಚಿ ತಳ ನೋಡುವುದು ಒಳ್ಳೆಯದು. ಕಪ್ಪು ಟ್ರೇ ಬಿಸಿಯನ್ನು ಜಾಸ್ತಿ ಹೀರಿಕೊಳ್ಳುವುದರಿಂದ, ಮೇಲೆ ಇನ್ನೂ ತಿಳಿ ಹಳದಿ ಇರುವಾಗಲೇ ತಳ ಕಡುಗಂದಾಗಿರುತ್ತದೆ. ಟ್ರೇಯನ್ನು ಒಂದು ಹಂತ ಮೇಲಕ್ಕೆ ಸರಿಸಿದರೆ, ಇಲ್ಲವೇ ಕೆಳಗೆ ಇನ್ನೊಂದು ಟ್ರೇ ಜೋಡಿಸಿದರೆ ಮೇಲೂ ಕೆಳಗೂ ಒಂದೇ ಹೊತ್ತಿಗೆ ಹದಕ್ಕೆ ಬರುತ್ತವೆ.